ಬೇಸ್ತು ಬಿದ್ದವರ ನಗು

ಬೆಳಗೋಡಿನ ಕಡೆಯ ಒಂದು ತೋಟದ ಮನೆ ಎಂದುಕೊಳ್ಳೋಣ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದೆ, ಕಣದಲ್ಲಿ ಚೆರಿ ಒಣಗುತ್ತಿದೆ. ಸಂಜೆ ಆಳುಗಳ ಲೆಕ್ಕ ಮುಗಿಸಿ ಯಜಮಾನರು ಜಗಲಿಯಲ್ಲಿ ಕೂತು ಫೋನು ಬಿಚ್ಚುತ್ತಾರೆ. ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ಒಂದು ಲಿಂಕ್ ಹಾಕಿದ್ದಾನೆ: 'ಅಜ್ಜನ ಮದುವೆಯ ಹಳೇ ವಿಡಿಯೊ ಸಿಕ್ತು, ಎಲ್ಲರೂ ನೋಡಿ.' ಒತ್ತಿದರೆ ಮದುವೆಯೂ ಇಲ್ಲ, ಮಂಟಪವೂ ಇಲ್ಲ. ಡ್ರಮ್ಮು ಒಮ್ಮೆ ಗುಡುಗಿ, ಕೆಂಗೂದಲನ್ನು ಮೇಲಕ್ಕೆ ಬಾಚಿದ ಬಿಳಿಯ ಹುಡುಗನೊಬ್ಬ ಉದ್ದನೆಯ ಕೋಟು ತೊಟ್ಟು, ಸೊಂಟವನ್ನು ಅತ್ತಿತ್ತ ತೂಗುತ್ತಾ ಹಾಡತೊಡಗುತ್ತಾನೆ.

ಅದೇ ಲಿಂಕನ್ನು ಒತ್ತಿದ ಮೂವರು ಮೂರು ಬಗೆಯಾಗಿ ನಡೆದುಕೊಳ್ಳುತ್ತಾರೆ. ಹಾಸನದಲ್ಲಿ ಕೆಲಸದಲ್ಲಿರುವ ಮಗಳು ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ, ಮರುಕ್ಷಣ 'ಅಯ್ಯೋ ಪಾಪಿ' ಎಂದು ಜೋರಾಗಿ ನಗುತ್ತಾಳೆ. ಅವಳ ಮಗಳು ಒತ್ತುವುದಕ್ಕೆ ಮೊದಲೇ ಲಿಂಕಿನ ಕೊನೆಯ ಅಕ್ಷರಗಳನ್ನು ಕಂಡು ಮೂಗು ಮುರಿಯುತ್ತಾಳೆ. ಜಗಲಿಯ ಮೇಲಿದ್ದ ಯಜಮಾನರು ಮಾತ್ರ ಹಾಡನ್ನು ಅರ್ಧ ನಿಮಿಷ ಶ್ರದ್ಧೆಯಿಂದ ನೋಡಿ ಮೊಮ್ಮಗನಿಗೆ ಫೋನು ಮಾಡುತ್ತಾರೆ: 'ಲೋ ಮಗಾ, ನೀನ್ ಕಳ್ಸಿದ್ದು ಎಲ್ಲೋ ತಪ್ಪಾಗದೆ ಕಣೋ. ಯಾವನೋ ಇಂಗ್ಲಿಷ್‌ನೋನು ಕುಣೀತಾ ಅವ್ನೆ.'

ಈ ಚೇಷ್ಟೆಗೆ 'ರಿಕ್‌ರೋಲ್' ಎಂದು ಹೆಸರು. ಸುಮಾರು ಎರಡು ದಶಕದಿಂದ ಒಂದೇ ಹಾಡನ್ನು ಹಿಡಿದುಕೊಂಡು ಜಗತ್ತು ಒಬ್ಬರನ್ನೊಬ್ಬರು ಬೇಸ್ತು ಬೀಳಿಸುತ್ತಿದೆ. ಬೇಸ್ತು ಎನ್ನುವುದು ನಮಗೆ ಇಸ್ಪೀಟಿನಾಟದಿಂದ ಬಂದ ಮಾತು. ಎಲೆ ಎಸೆದು ಸೋತವನೂ ಮಿಕ್ಕವರ ಜೊತೆ ನಗುವುದು ಆ ಆಟದ ರೂಢಿ. ಸಾಮಾನ್ಯವಾಗಿ ಮೋಸ ಹೋದವರು ಸಿಟ್ಟಾಗುತ್ತಾರೆ, ಇಲ್ಲವೇ ಮರೆಮಾಚುತ್ತಾರೆ. ಇಲ್ಲಿ ಮೋಸ ಹೋದವರೇ ಮೊದಲು ನಗುತ್ತಾರೆ, ಮತ್ತೊಬ್ಬರಿಗೆ ಹೇಳಿಕೊಳ್ಳುತ್ತಾರೆ. ಏಕೆ ಎಂದು ಕೇಳಿದರೆ ಹೆಚ್ಚಿನವರು ಹಾಡಿನ ಕಡೆಗೆ ಬೆರಳು ತೋರಿಸುತ್ತಾರೆ. ಆದರೆ ಇಷ್ಟು ವರ್ಷಗಳ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಗುವಿನ ಗುಟ್ಟು ಹಾಡಿಗಿಂತ ಹೆಚ್ಚಾಗಿ ಗಾಳಕ್ಕೆ ಸಿಕ್ಕಿಸಿದ ಹುಳದಲ್ಲಿದೆ ಎನಿಸುತ್ತದೆ.

ಮೊದಲು ಹಾಡಿನ ಕಥೆ. 'ನೆವರ್ ಗೊನ್ನಾ ಗಿವ್ ಯೂ ಅಪ್' 1987ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಹಾಡಿದವರು ರಿಕ್ ಆಸ್ಟ್ಲಿ, ಆಗ 21ರ ಪ್ರಾಯ. ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಟೇಪು ಜೋಡಿಸುತ್ತ, ದೊಡ್ಡವರಿಗೆ ಚಹ ಮಾಡಿಕೊಡುತ್ತ ಕೆಲಸ ಕಲಿಯುತ್ತಿದ್ದ ಹುಡುಗ. ಆ ಸ್ಟುಡಿಯೊ ನಡೆಸುತ್ತಿದ್ದದ್ದು ಸ್ಟಾಕ್, ಏಟ್ಕನ್, ವಾಟರ್‌ಮನ್ ಎಂಬ ಮೂವರು. ಕಾರ್ಖಾನೆಯಲ್ಲಿ ಸಾಮಾನು ತಯಾರಿಸುವಂತೆ ಸಾಲುಸಾಲಾಗಿ ಜನಪ್ರಿಯ ಹಾಡು ಹೊಸೆದು ಕೊಡುತ್ತಿದ್ದ ತಂಡ ಅದು. ಹಾಡು ಐದು ವಾರ ಬ್ರಿಟನ್ನಿನ ಪಟ್ಟಿಯ ತುದಿಯಲ್ಲಿತ್ತು. ಮರುವರ್ಷ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ವಿಡಿಯೊ ನಿರ್ದೇಶಿಸಿದ ಸೈಮನ್ ವೆಸ್ಟ್ ಮುಂದೆ 'ಕಾನ್ ಏರ್', 'ಟೂಂಬ್ ರೈಡರ್' ಮುಂತಾದ ದೊಡ್ಡ ಚಿತ್ರಗಳನ್ನು ಮಾಡಿದರು. ಆಸ್ಟ್ಲಿ ಮಾತ್ರ ತೊಂಬತ್ತರ ದಶಕದ ನಡುವೆಯೇ ಹಾಡುವ ಕಸುಬು ಬಿಟ್ಟು ಮನೆ, ಮಗಳು ಎಂದು ಇದ್ದುಬಿಟ್ಟರು. ಹಾಡು ಹಳೆಯ ಕ್ಯಾಸೆಟ್ಟುಗಳ ಜೊತೆ ಪೆಟ್ಟಿಗೆ ಸೇರಿತು.

ಅದನ್ನು ಪೆಟ್ಟಿಗೆಯಿಂದ ತೆಗೆದದ್ದು ಒಂದು ಬಾತುಕೋಳಿ. 2006ರ ಸುಮಾರಿಗೆ '4chan' ಎಂಬ ತಾಣದ ಯಜಮಾನ, ಅಲ್ಲಿ ಯಾರು 'ಎಗ್' ಎಂದು ಬರೆದರೂ ತಾನಾಗಿಯೇ 'ಡಕ್' ಎಂದು ಬದಲಾಗುವಂತೆ ತಮಾಷೆಗೆ ಒಂದು ಜೋಡಣೆ ಮಾಡಿದ. ಹೀಗಾಗಿ ತಿನ್ನುವ 'ಎಗ್‌ರೋಲ್' ಹೋಗಿ 'ಡಕ್‌ರೋಲ್' ಆಯಿತು. ಯಾರೋ ಒಬ್ಬರು ಬಾತುಕೋಳಿಗೆ ಗಾಲಿ ಹಚ್ಚಿದ ಚಿತ್ರ ತಂದರು. ಏನೋ ಭಾರಿ ಸುದ್ದಿ ಇದೆ ಎಂದು ಆಸೆ ಹುಟ್ಟಿಸಿ ಆ ಗಾಲಿಯ ಬಾತುಕೋಳಿಯ ಬಳಿಗೆ ಕರೆದೊಯ್ಯುವುದು ಅಲ್ಲಿಯ ಆಟವಾಯಿತು. 2007ರ ವಸಂತದಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ 4' ಎಂಬ ವಿಡಿಯೊ ಗೇಮಿನ ಮೊದಲ ಟ್ರೇಲರ್ ಹೊರಬಂದಾಗ ನೋಡುಗರ ನೂಕುನುಗ್ಗಲಿಗೆ ಅದರ ತಾಣ ಕುಸಿದು ಬಿತ್ತು. 'ಟ್ರೇಲರ್ ಇಲ್ಲಿ ಸಿಗುತ್ತದೆ' ಎಂದು ಯಾರೋ ಒಂದು ಕೊಂಡಿ ಹಾಕಿದರು. ಒತ್ತಿದವರಿಗೆ ಸಿಕ್ಕಿದ್ದು ಬಾತುಕೋಳಿಯಲ್ಲ, ಆಸ್ಟ್ಲಿ.

ಆ ಮೊದಲ ಗಾಳದ ಹುಳವನ್ನು ಗಮನಿಸಬೇಕು. ಯಾರಿಗೂ ಆ ಟ್ರೇಲರಿನಿಂದ ಊಟ, ಕೆಲಸ, ಔಷಧಿ ಸಿಗಬೇಕಾಗಿರಲಿಲ್ಲ. ಅದೊಂದು ಚಪಲ. ನಾಳೆ ಸಿಗುವುದನ್ನು ಇವತ್ತೇ, ಉಳಿದವರಿಗಿಂತ ಮೊದಲು ನೋಡಿಬಿಡಬೇಕೆಂಬ ತವಕ. ಸಿಗದಿದ್ದರೆ ಹೋಗುವುದು ಮೂರೂವರೆ ನಿಮಿಷ ಮಾತ್ರ.

ಅದಕ್ಕೂ ಮೊದಲು ಅಂತರ್ಜಾಲದಲ್ಲಿ ಕೊಂಡಿಯ ಚೇಷ್ಟೆಗಳು ಇರಲಿಲ್ಲವೆಂದಲ್ಲ. ಇದ್ದವು, ಮತ್ತು ಅವು ಕೊಳಕಾಗಿದ್ದವು. ಒತ್ತಿದರೆ ಹೇಸಿಗೆ ಹುಟ್ಟಿಸುವ ಚಿತ್ರ ತೆರೆದುಕೊಳ್ಳುತ್ತಿತ್ತು, ಇಲ್ಲವೇ ಪ್ರಶಾಂತವಾದ ದೃಶ್ಯವೊಂದರ ನಡುವೆ ಪ್ರೇತದ ಮುಖ ಹಠಾತ್ತನೆ ಚೀರಿಕೊಂಡು ಎದುರಾಗುತ್ತಿತ್ತು. ಅಲ್ಲಿ ನಗುತ್ತಿದ್ದವನು ಕಳಿಸಿದವನು ಮಾತ್ರ. ರಿಕ್‌ರೋಲ್ ಬಂದು ಆ ಶಿಕ್ಷೆಯ ಜಾಗದಲ್ಲಿ ಒಂದು ಲವಲವಿಕೆಯ ಪ್ರೇಮಗೀತೆಯನ್ನು ಇಟ್ಟಿತು. ಅದೂ ಎಂಥ ಗೀತೆ? ಎಂದಿಗೂ ನಿನಗೆ ಮೋಸ ಮಾಡುವುದಿಲ್ಲ, ಕೈಬಿಡುವುದಿಲ್ಲ ಎಂದು ಮತ್ತೆ ಮತ್ತೆ ಆಣೆ ಇಡುವ ಗೀತೆ. ಮೋಸ ಹೋದ ಗಳಿಗೆಯಲ್ಲೇ ಕಿವಿಗೆ ಬೀಳುವ ಮಾತು ಇದು. ಇದನ್ನು ಯಾರೂ ಯೋಜಿಸಿ ಆರಿಸಿದಂತೆ ಕಾಣುವುದಿಲ್ಲ. ಕಾಲುಜಾರಿ ಬಿದ್ದವನ ಕೈಗೆ ಹೊನ್ನು ಸಿಕ್ಕಿದಂತಾಯಿತು.

ಮುಂದಿನದು ಬಿರುಸಾಗಿ ನಡೆಯಿತು. 2008ರ ಏಪ್ರಿಲ್ 1ರಂದು ಯೂಟ್ಯೂಬ್ ತನ್ನ ಮುಖಪುಟದಲ್ಲಿ ಎತ್ತಿ ತೋರಿಸುತ್ತಿದ್ದ ವಿಡಿಯೊಗಳನ್ನೆಲ್ಲ ಈ ಹಾಡಿಗೆ ತಿರುಗಿಸಿತು. ಅದೇ ತಿಂಗಳು ಅಮೆರಿಕದ ಒಂದು ಸಮೀಕ್ಷಾ ಸಂಸ್ಥೆ ಕನಿಷ್ಠ 1.8 ಕೋಟಿ ವಯಸ್ಕ ಅಮೆರಿಕನ್ನರು ಬೇಸ್ತು ಬಿದ್ದಿದ್ದಾರೆಂದು ಅಂದಾಜು ಮಾಡಿತು. ನವೆಂಬರಿನಲ್ಲಿ ನ್ಯೂಯಾರ್ಕಿನ ಮೇಸೀಸ್ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಲ್ಲಿ ಕಾರ್ಟೂನ್ ಬೊಂಬೆಗಳ ಸ್ತಬ್ಧಚಿತ್ರದೊಳಗಿಂದ ಸಾಕ್ಷಾತ್ ಆಸ್ಟ್ಲಿಯೇ ಎದ್ದು ನಿಂತು ಹಾಡಿ, ಟಿವಿ ನೋಡುತ್ತಿದ್ದ ದೇಶವನ್ನೇ ಒಟ್ಟಿಗೆ ಬೇಸ್ತು ಬೀಳಿಸಿದರು. 2011ರ ಜುಲೈನಲ್ಲಿ, ಹಣಕಾಸು ನೀತಿಯ ವಿವರಣೆ ಬೇಸರ ತರಿಸುತ್ತಿದೆ ಎಂದು ದೂರಿದ ನಾಗರಿಕನೊಬ್ಬನಿಗೆ ಶ್ವೇತಭವನದ ಟ್ವಿಟರ್ ಖಾತೆಯೇ ಈ ಕೊಂಡಿ ಕಳಿಸಿತು. ಅಧಿಕೃತ ವಿಡಿಯೊ 2009ರ ಅಕ್ಟೋಬರಿನಲ್ಲಿ ಯೂಟ್ಯೂಬಿಗೆ ಏರಿ, 2021ರ ಜುಲೈ ಹೊತ್ತಿಗೆ 100 ಕೋಟಿ ವೀಕ್ಷಣೆ ದಾಟಿತು. ಆ ನೂರು ಕೋಟಿಯಲ್ಲಿ ಎಷ್ಟು ಮಂದಿ ಬೇಕೆಂದೇ ನೋಡಿದರೋ ಆ ದೇವರೇ ಬಲ್ಲ. ಹಾಡು ಬರೆದವರಲ್ಲಿ ಒಬ್ಬರಾದ ಪೀಟ್ ವಾಟರ್‌ಮನ್, ಕೋಟ್ಯಂತರ ಬಾರಿ ತಮ್ಮ ಹಾಡು ಮೊಳಗಿದ್ದಕ್ಕೆ ಯೂಟ್ಯೂಬಿನಿಂದ ತಮಗೆ ಬಂದ ಪಾಲು 11 ಪೌಂಡ್ ಎಂದು 2009ರಲ್ಲಿ ಗೊಣಗಿದ್ದರು. ಈ ಇಡೀ ಕಥೆಯಲ್ಲಿ ಆಟ ಗೊತ್ತಿದ್ದೂ ಬೇಸ್ತು ಬಿದ್ದು ನಗದೇ ಉಳಿದವರು ಅವರೊಬ್ಬರೇ ಇರಬೇಕು.

ಈಗ ಕೈಚಳಕ. ಕೊಂಡಿಯೊಂದಕ್ಕೆ ಎರಡು ಭಾಗ: ಕಣ್ಣಿಗೆ ಕಾಣುವ ಬರಹ ಒಂದು, ಹೋಗಿ ಮುಟ್ಟುವ ವಿಳಾಸ ಇನ್ನೊಂದು. ಎರಡಕ್ಕೂ ಸಂಬಂಧ ಇರಲೇಬೇಕೆಂಬ ನಿಯಮ ಅಂತರ್ಜಾಲದಲ್ಲಿ ಇಲ್ಲ. ಪುಟ ಬರೆಯುವವರು ಹೀಗೆ ಬರೆದರೆ ಸಾಕು:

```
<a href="https://www.youtube.com/watch?v=dQw4w9WgXcQ">ಅಜ್ಜನ ಮದುವೆಯ ವಿಡಿಯೊ</a>
```

ಓದುವವರಿಗೆ ಕಾಣುವುದು ಅಜ್ಜನ ಮದುವೆ ಮಾತ್ರ. `v=` ಆದ ಮೇಲಿನ 11 ಅಕ್ಷರಗಳು ಯೂಟ್ಯೂಬ್ ಪ್ರತಿ ವಿಡಿಯೊಗೂ ಕೊಡುವ ಗುರುತು. ಈ ಹಾಡಿನ ಗುರುತು ಎಷ್ಟು ಮಂದಿಗೆ ಬಾಯಿಪಾಠವಾಗಿದೆ ಎಂದರೆ, `XcQ` ಎಂಬ ಬಾಲ ಕಂಡರೆ ಸಾಕು, ಹುಡುಗರು ಹಾವು ಕಂಡವರಂತೆ ಹಿಂದೆ ಸರಿಯುತ್ತಾರೆ. ಅದಕ್ಕೇ ಚೇಷ್ಟೆಗಾರರು ಉದ್ದದ ವಿಳಾಸವನ್ನು ಮೊಟಕುಗೊಳಿಸುವ `bit.ly` ಥರದ ಸೇವೆಗಳ ಮೊರೆ ಹೊಕ್ಕರು. ಬೇರೆ ವಿಳಾಸಕ್ಕೆ ಹೋದ ಬ್ರೌಸರಿಗೆ 'ಇಲ್ಲಿಲ್ಲ, ಅಲ್ಲಿಗೆ ಹೋಗು' ಎಂದು ಸರ್ವರ್ ದಾರಿ ತಪ್ಪಿಸುವ ಏರ್ಪಾಡೂ ಇದೆ. ಹಳ್ಳಿಯ ಕವಲುದಾರಿಯಲ್ಲಿ ಊರಿನ ಬೋರ್ಡನ್ನು ತಿರುಗಿಸಿಟ್ಟಂತೆ.

ವಾಟ್ಸಾಪ್ ಈ ಆಟದ ಅರ್ಧ ರುಚಿ ಕೆಡಿಸಿತು. ಯೂಟ್ಯೂಬ್ ಕೊಂಡಿ ಅಂಟಿಸಿದ ಕೂಡಲೇ, ಕಳಿಸುವವರು ನೆನಪಿಟ್ಟು ತೆಗೆದುಹಾಕದಿದ್ದರೆ, ಅದು ವಿಡಿಯೊದ ಹೆಸರು ಮತ್ತು ಒಂದು ಪುಟ್ಟ ಚಿತ್ರವನ್ನು ತೋರಿಸಿಬಿಡುತ್ತದೆ. ಕೋಟಿನ ಹುಡುಗ ಮೊದಲೇ ಬಾಗಿಲಲ್ಲಿ ನಿಂತು ಕೈಬೀಸಿದಂತಾಯಿತು. ಅದಕ್ಕೆ ಮದ್ದು ಕ್ಯೂಆರ್ ಕೋಡು. ಚೌಕಟ್ಟಿನೊಳಗಿನ ಕಪ್ಪು ಬಿಳಿ ಚುಕ್ಕೆಗಳನ್ನು ಮನುಷ್ಯರ ಕಣ್ಣು ಓದಲಾರದು. ಹೀಗಾಗಿ ಟೀಷರ್ಟು, ಪೋಸ್ಟರು, ಲ್ಯಾಪ್‌ಟಾಪಿನ ಬೆನ್ನು ಎಲ್ಲವೂ ಗಾಳವಾದವು. ಆದರೂ ಸಿಕ್ಕಿಬೀಳಬಾರದೆಂದಿದ್ದರೆ ಉಪಾಯ ಸರಳ. ಫೋನಿನಲ್ಲಿ ಕೊಂಡಿಯನ್ನು ಒತ್ತಿ ಬಿಡದೆ ಹಿಡಿದುಕೊಂಡರೆ ಸಾಮಾನ್ಯವಾಗಿ ನಿಜವಾದ ವಿಳಾಸ ಮೇಲೆ ಬರುತ್ತದೆ. ಕ್ಯೂಆರ್ ಓದುವ ಕ್ಯಾಮೆರಾ ಕೂಡ ತೆರೆಯುವ ಮೊದಲು ವಿಳಾಸ ತೋರಿಸುತ್ತದೆ. ಮೊಟಕು ವಿಳಾಸವಾದರೆ ಮಾತ್ರ ಎರಡೂ ಕಡೆ ಅದರ ಬೆನ್ನಿಗೆ ಏನಿದೆಯೆಂದು ತಿಳಿಯುವುದಿಲ್ಲ.

ಚೇಷ್ಟೆ ನೆಲಕಚ್ಚುವುದೂ ಉಂಟು, ಮತ್ತು ನಗು ಯಾವುದರ ಮೇಲೆ ನಿಂತಿದೆ ಎಂದು ಹೇಳಿಕೊಡುವುದು ಅದೇ. ಇದು ಬಯಲಾಗುವ ಕ್ಷಣದ ಆಟ. ಒತ್ತುವುದಕ್ಕೂ ಡ್ರಮ್ಮು ಕೇಳುವುದಕ್ಕೂ ನಡುವೆ ಒಂದೆರಡು ಸೆಕೆಂಡು ಮಾತ್ರ ಇರಬೇಕು. ಹಾಡಿಗೆ ಮೊದಲು ಯೂಟ್ಯೂಬ್ ಒಂದು ಜಾಹೀರಾತು ತೂರಿಸಿದರೆ ಒತ್ತಿದವರು ಎಚ್ಚೆತ್ತುಕೊಳ್ಳುತ್ತಾರೆ. ಸಕಲೇಶಪುರದ ಗುಡ್ಡಗಳಲ್ಲಂತೂ ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಬಸವಳಿದು, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಎರಡು ನಿಮಿಷ ಚಕ್ರ ನೋಡಿದವರಿಗೆ ಆಮೇಲೆ ಗಂಧರ್ವನೇ ಬಂದು ಹಾಡಿದರೂ ನಗು ಬರುವುದಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರಲ್ಲೇ ನಗುವಿನ ಬಗ್ಗೆ ಹೇಳಿದ್ದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಬಿಗಿಯಾಗಿ ಎಳೆದುಕೊಂಡಿದ್ದ ನಿರೀಕ್ಷೆ ಇದ್ದಕ್ಕಿದ್ದಂತೆ ಏನೂ ಅಲ್ಲದ್ದಾಗಿ ಕರಗಿದಾಗ ಹುಟ್ಟುವುದೇ ನಗು ಎಂಬುದು ಅವನ ಲೆಕ್ಕ. 'ಇದ್ದಕ್ಕಿದ್ದಂತೆ' ಎಂಬ ಮಾತನ್ನು ತೆಗೆದರೆ ಆ ಲೆಕ್ಕ ನಿಲ್ಲುವುದಿಲ್ಲ. ಆದರೆ ಕಾಂಟನ ಮಾತಿಗೆ ಒಂದು ಕೊರತೆಯೂ ಇದೆ. ಜಗಲಿಯ ಯಜಮಾನರ ನಿರೀಕ್ಷೆಯೂ ಕರಗಿತಲ್ಲ, ಅವರೇಕೆ ನಗಲಿಲ್ಲ?

ಇದಕ್ಕೆ ಉತ್ತರ ಸ್ವತಃ ಆಸ್ಟ್ಲಿಯವರಲ್ಲಿದೆ. ಮೊದಲ ದಿನಗಳಲ್ಲಿ ಗೆಳೆಯನೊಬ್ಬ ಅವರಿಗೇ ಈ ಕೊಂಡಿ ಕಳಿಸುತ್ತಿದ್ದನಂತೆ. ಒತ್ತಿದರೆ ತಮ್ಮದೇ ಹಾಡು. ಇದೇಕೆ ಕಳಿಸುತ್ತಾನೆ ಎಂದು ತಿಳಿಯದೆ ಗೆಳೆಯನನ್ನೇ ವಿಚಾರಿಸಬೇಕಾಯಿತು ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಜಗತ್ತಿನಲ್ಲಿ ಆ ಹಾಡನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆದರೆ ಆಟ ಗೊತ್ತಿರಲಿಲ್ಲ, ನಗು ಬರಲಿಲ್ಲ. ಬೆಳಗೋಡಿನ ಅಜ್ಜನಿಗೆ ಹಾಡೂ ಗೊತ್ತಿಲ್ಲ, ಆಟವೂ ಗೊತ್ತಿಲ್ಲ. ಮಗಳಿಗೆ ಎರಡೂ ಗೊತ್ತು. ಡ್ರಮ್ಮಿನ ಮೊದಲ ಏಟಿಗೇ ಅವಳಿಗೆ ತಾನೆಲ್ಲಿದ್ದೇನೆ ಎಂದು ಹೊಳೆಯಿತು. ಅವಳು ನಕ್ಕದ್ದು ನಿರೀಕ್ಷೆ ಸುಳ್ಳಾದದ್ದಕ್ಕಷ್ಟೇ ಅಲ್ಲ, ಆ ಸುಳ್ಳಿಗೆ ಒಂದು ಗುರುತಿನ ಮುಖ ಇದ್ದದ್ದಕ್ಕೆ.

ಆಸ್ಟ್ಲಿಯವರು ಆಟ ಕಲಿತ ಮೇಲೆ ಏನಾಯಿತು ಎಂಬುದಕ್ಕೂ ಸಾಕ್ಷಿ ಇದೆ. 2020ರ ಜೂನಿನಲ್ಲಿ ಅವರು ರೆಡ್ಡಿಟ್‌ನಲ್ಲಿ 1989ರ ತಮ್ಮದೊಂದು ಹಳೆಯ ಚಿತ್ರ ಹಾಕಿದರು. ಅಭಿಮಾನಿಯೊಬ್ಬ ಅದರ ಕೆಳಗೆ, ತಾನು 12 ವರ್ಷದವನಿದ್ದಾಗ ಲಾಸ್ ವೇಗಸ್ಸಿನಲ್ಲಿ ರಂಗದ ಹಿಂದೆ ನಿಮ್ಮನ್ನು ಭೇಟಿಯಾಗಿದ್ದೆ ಎಂದು ಬರೆದು, ಕೊಂಡಿಯೊಂದನ್ನು ಲಗತ್ತಿಸಿದ. ಹಳೆಯ ಅಭಿಮಾನಿ, ಹಳೆಯ ನೆನಪು. ಯಾವ ಹಾಡುಗಾರ ಒತ್ತದೆ ಇರುತ್ತಾನೆ? ಆಸ್ಟ್ಲಿ ಒತ್ತಿದರು. ತಮ್ಮ ಹಾಡಿಗೆ ತಾವೇ ಬಿದ್ದರು. ಸಿಕ್ಕಿಬಿದ್ದದ್ದನ್ನು ಎಲ್ಲರೆದುರು ಒಪ್ಪಿಕೊಂಡೂ ಬಿಟ್ಟರು. ಹುಳದ ಆಯ್ಕೆ ನೋಡಿ. ಅದು ಅವರ ಮುಗ್ಧ ಹೆಮ್ಮೆಯನ್ನು ಮಾತ್ರ ಕೆಣಕುವಂಥದ್ದು. ಅದೇ ಅಭಿಮಾನಿ 'ನನ್ನ ಮಗುವಿಗೆ ಕಾಯಿಲೆ, ನೋಡಿ' ಎಂದು ಬರೆದು ಅದೇ ಹಾಡಿಗೆ ಕಳಿಸಿದ್ದರೆ ಈ ಕಥೆಯನ್ನು ಯಾರೂ ನಗುತ್ತ ಹೇಳುತ್ತಿರಲಿಲ್ಲ.

ಬಿದ್ದವರು ತಮ್ಮನ್ನು ಕಂಡು ತಾವೇ ನಗುವ ಈ ಬಗೆ ನಮ್ಮವರಿಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಎರಡಾಗಿ ಒಡೆಯುತ್ತದೆ: ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ರಿಕ್‌ರೋಲಿನಲ್ಲಿ ಒಬ್ಬ ವ್ಯಕ್ತಿ ಒಂದೆರಡು ಸೆಕೆಂಡಿನಲ್ಲಿ ಎರಡೂ ಆಗುತ್ತಾನೆ. ಇಂಗ್ಲೆಂಡಿನ ಹಾಬ್ಸ್ ಹದಿನೇಳನೆಯ ಶತಮಾನದಲ್ಲಿ ನಗುವನ್ನು 'ನಾನು ಮೇಲು' ಎಂಬ ದಿಢೀರ್ ಹಿಗ್ಗು ಎಂದು ಕರೆದ. ಇದನ್ನು ಕೇಳಿದ ಕೂಡಲೇ ಕಳಿಸಿದವನ ನಗು ಅರ್ಥವಾಗುತ್ತದೆ, ಬಿದ್ದವನದು ಆಗುವುದಿಲ್ಲ. ಆದರೆ ಹಾಬ್ಸ್ ಅಲ್ಲೇ ಇನ್ನೊಂದು ಮಾತು ಸೇರಿಸಿದ್ದ: ಆ ಮೇಲ್ಮೆ ಬೇರೆಯವರಿಗಿಂತ ಆಗಿರಬಹುದು, ನಮ್ಮದೇ ಹಿಂದಿನ ಅವತಾರಕ್ಕಿಂತಲೂ ಆಗಿರಬಹುದು. ಕೊಂಡಿ ಒತ್ತಿದವಳು ನಗುತ್ತಿರುವುದು ಎರಡು ಸೆಕೆಂಡಿನ ಹಿಂದೆ ಬಾಯಿಬಿಟ್ಟುಕೊಂಡು ಒತ್ತಿದ ಆ ಪೆದ್ದಿಯನ್ನು ಕಂಡು. ಆ ಪೆದ್ದಿ ತಾನೇ ಎಂಬುದು ಅಷ್ಟರಲ್ಲಿ ಹಳೆಯ ಸುದ್ದಿ.

2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಎಂಬ ಅಮೆರಿಕದ ಸಂಶೋಧಕರು ಇದನ್ನೇ ಇನ್ನಷ್ಟು ನೇರವಾಗಿ ಹೇಳಿದರು. ಏನೋ ಒಂದು ಕಟ್ಟಳೆ ಮುರಿಯಬೇಕು, ಆದರೆ ಮುರಿದದ್ದರಿಂದ ಕೆಡುಕಾಗಿಲ್ಲ ಎಂದು ಅದೇ ಹೊತ್ತಿಗೆ ಅನಿಸಬೇಕು. ಎರಡೂ ಕೂಡಿದಾಗ ನಗು ಬರುತ್ತದೆ. ಮಕ್ಕಳಿಗೆ ಕಚಗುಳಿ ಇಟ್ಟಂತೆ: ಅಮ್ಮ ಇಟ್ಟರೆ ನಗು, ಅಪರಿಚಿತ ಇಟ್ಟರೆ ಅಳು. ಕಾಮನ ಹಬ್ಬದಲ್ಲಿ ಹುಡುಗರು ಸೌದೆ ಕದಿಯುವುದನ್ನು ನೋಡಿ ಬೆಳೆದವರಿಗೆ ಈ ಸಿದ್ಧಾಂತ ವಿವರಿಸಬೇಕಿಲ್ಲ. ಬೆಳಗ್ಗೆ ಹಿತ್ತಲಿನ ನಾಲ್ಕು ಕೊರಡು ಮಾಯವಾಗಿದ್ದರೆ ಮನೆಯವರು ಬಾಯಿಗೆ ಬಂದಂತೆ ಬೈಯುತ್ತಾರೆ, ಬೈಯುತ್ತಲೇ ಕಾಮನ ಬೆಂಕಿ ನೋಡಲು ಹೋಗುತ್ತಾರೆ. ಆದರೆ ಹುಡುಗರಿಗೂ ಗೊತ್ತಿರುವ ಒಂದು ಗೆರೆ ಇದೆ. ಕಟ್ಟಿಗೆ, ಮುರುಕು ಬೇಲಿ, ಹಳೇ ತಟ್ಟಿ ನಡೆಯುತ್ತದೆ. ನೇಗಿಲು ಎತ್ತಿ ಬೆಂಕಿಗೆ ಹಾಕಿದರೆ ಪಂಚಾಯಿತಿಯೇ ಸೇರುತ್ತದೆ.

ಇಡೀ ಊರೇ ಒಟ್ಟಿಗೆ ಬೇಸ್ತು ಬಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ಬಿಡಿಸಿ ನೋಡಬಹುದು. ಶಿಕಾಗೊ ಹೊರವಲಯದ 'ಡಿಸ್ಟ್ರಿಕ್ಟ್ 214' ಎಂಬ ಶಾಲಾ ಆಡಳಿತದ ಕೆಳಗೆ ಆರು ಪ್ರೌಢಶಾಲೆಗಳಿವೆ. ಅಲ್ಲಿ ತರಗತಿಗಳ ಪ್ರೊಜೆಕ್ಟರು, ಟಿವಿಗಳೆಲ್ಲ ಒಂದೇ ಜಾಲಕ್ಕೆ ಜೋಡಣೆಯಾಗಿದ್ದವು. ಕೆಲವು ವಿದ್ಯಾರ್ಥಿಗಳು ಆ ಜಾಲದಲ್ಲಿ ಸಡಿಲ ಕಂಡಿದ್ದರು. ಉಪಕರಣ ಬರುವಾಗ ಇದ್ದ ಗುಪ್ತಪದವನ್ನೇ ಯಾರೂ ಬದಲಾಯಿಸದೆ ಬಿಟ್ಟದ್ದೂ ಅದರಲ್ಲಿ ಸೇರಿತ್ತು. 2021ರ ಏಪ್ರಿಲ್ 30ರ ಶುಕ್ರವಾರ ಬೆಳಗ್ಗೆ ಆರೂ ಶಾಲೆಗಳ ಪರದೆಗಳು ತಾವಾಗಿ ಹೊತ್ತಿಕೊಂಡವು. ಸ್ವಲ್ಪದರಲ್ಲೇ ಮುಖ್ಯ ಪ್ರಕಟಣೆಯೊಂದು ಬರಲಿದೆ ಎಂಬ ಬರಹ, ಪಕ್ಕದಲ್ಲಿ ಒಂದೊಂದೇ ಸೆಕೆಂಡು ಇಳಿಯುವ ಗಡಿಯಾರ. 10:55ಕ್ಕೆ ಸೊನ್ನೆ ಮುಟ್ಟಿತು. ಪ್ರಕಟಣೆ ಬರಲಿಲ್ಲ, ಆಸ್ಟ್ಲಿ ಬಂದರು.

ಈ ಹುಡುಗರು ಗೆರೆಯನ್ನು ಎಷ್ಟು ಎಚ್ಚರದಿಂದ ಎಳೆದಿದ್ದರು ಎಂಬುದೇ ಈ ಪ್ರಸಂಗದ ಸ್ವಾರಸ್ಯ. ಪರೀಕ್ಷೆಗಳಿಲ್ಲದ ದಿನವನ್ನು ಆರಿಸಿದ್ದರು. ಪಾಠದ ನಡುವೆ ನುಗ್ಗದಂತೆ ಹೊತ್ತು ನೋಡಿದ್ದರು. ಹಾಡು ಮುಗಿದ ಮೇಲೆ ಎಲ್ಲವನ್ನೂ ಮೊದಲಿದ್ದಂತೆ ಮಾಡುವ ಏರ್ಪಾಡು ಬರೆದಿಟ್ಟಿದ್ದರು. ಜಾಲದ ಸಡಿಲಗಳನ್ನೂ ಅವನ್ನು ಬಿಗಿ ಮಾಡುವ ದಾರಿಯನ್ನೂ ವಿವರಿಸುವ 26 ಪುಟದ ವರದಿಯೊಂದನ್ನು ಆಡಳಿತಕ್ಕೆ ಕಳಿಸಿದರು. ಆಡಳಿತ ಅವರನ್ನು ಶಿಕ್ಷಿಸಲಿಲ್ಲ, ವರದಿಗೆ ಕೃತಜ್ಞತೆ ಹೇಳಿತು. ಕೇಳುಗರ ಲೆಕ್ಕದಲ್ಲೂ ಒಂದು ಜಾಣತನವಿತ್ತು: ತರಗತಿಗೆ ತರಗತಿಯೇ ಒಟ್ಟಿಗೆ ಬಿತ್ತು, ಯಾರೊಬ್ಬರೂ ಒಂಟಿಯಾಗಿ ಪೆದ್ದರಾಗಲಿಲ್ಲ. ನಗುವನ್ನು ಬೀದಿಯಲ್ಲಿ, ಅಂಗಡಿಯಲ್ಲಿ ಕಿವಿಗೊಟ್ಟು ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿಯ ಪ್ರಕಾರ ಜನ ಒಂಟಿಯಾಗಿದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ನಗುವುದು ಸುಮಾರು 30 ಪಟ್ಟು ಹೆಚ್ಚು. ಮನೆಯಲ್ಲಿ ಒಬ್ಬರೇ ಬೇಸ್ತು ಬಿದ್ದವರು ಕೂಡ ತಕ್ಷಣ ಫೋನೆತ್ತಿ ಕಳಿಸಿದವನನ್ನು ಬೈಯುವುದು ಬಹುಶಃ ಈ ಜೊತೆಯನ್ನು ಹುಡುಕಿಕೊಂಡೇ.

ಗೆರೆ ತಪ್ಪಿದರೆ ಏನಾಗುತ್ತದೆ? 2009ರ ನವೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ, ಬೀಗ ಒಡೆದು ಬಳಸುತ್ತಿದ್ದ ಕೆಲವು ಐಫೋನುಗಳಿಗೆ 'ಐಕೀ' ಎಂಬ ಹುಳು ಹತ್ತಿತು. ಅದು ಮಾಡುತ್ತಿದ್ದುದು ಇಷ್ಟೇ: ಎಲ್ಲ ಫೋನಿಗೂ ಒಂದೇ ಆಗಿದ್ದ `alpine` ಎಂಬ ಗುಪ್ತಪದ ಬಳಸಿ ಒಳಹೊಕ್ಕು, ಪರದೆಯ ಚಿತ್ರ ತೆಗೆದು ಅಲ್ಲಿ ಆಸ್ಟ್ಲಿಯ ಮುಖ ಕೂರಿಸುವುದು. ಅದೇ ಹಾಡುಗಾರ, ಅದೇ ತುಂಟತನ. ಆದರೆ ಇದನ್ನು ರಿಕ್‌ರೋಲ್ ಎನ್ನಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ಯಾರೂ ಏನನ್ನೂ ಒತ್ತಿರಲಿಲ್ಲ. ಆಸೆಪಟ್ಟು ಕಚ್ಚದ ಮೀನಿಗೆ ತನ್ನ ಮೇಲೆ ತಾನೇ ನಗಲು ಏನಿದೆ? ಅದೇ ತಿಂಗಳು ಅದೇ ಕಿಂಡಿಯಿಂದ ನುಗ್ಗಿದ ಇನ್ನೊಂದು ಹುಳು ನೆದರ್ಲೆಂಡ್ಸಿನ ಬ್ಯಾಂಕ್ ಗ್ರಾಹಕರ ಗುಟ್ಟುಗಳಿಗೆ ಕೈಹಾಕಿತು. ಹಾಡುಗಾರನ ಮುಖ ಹೊತ್ತು ಬಂದದ್ದು ಮುನ್ಸೂಚನೆಯಾಗಿತ್ತು ಎಂದು ಆಗ ಜನಕ್ಕೆ ತಿಳಿಯಿತು.

ಇವತ್ತು ಕರ್ನಾಟಕದ ಹಳ್ಳಿಹಳ್ಳಿಯ ಫೋನಿಗೂ ಬರುವ ಸುಳ್ಳು ಮದುವೆ ಕರೆಯೋಲೆ, ಸುಳ್ಳು ಟ್ರಾಫಿಕ್ ದಂಡದ ನೋಟೀಸುಗಳು ನಡೆಯುವುದು ಇದೇ ಉಪಾಯದ ಮೇಲೆ. ಕಾಣುವುದು ಒಂದು, ತೆರೆಯುವುದು ಇನ್ನೊಂದು. ಅವು ಸಾಮಾನ್ಯವಾಗಿ `.apk` ಎಂದು ಕೊನೆಗೊಳ್ಳುವ ಫೈಲುಗಳು. ಒತ್ತಿ ಅನುಮತಿ ಕೊಟ್ಟರೆ ಫೋನಿಗೆ ಬರುವ ಒಟಿಪಿಗಳನ್ನು ಓದಿ ಖಾತೆ ಖಾಲಿ ಮಾಡುತ್ತವೆ. ಯೂಟ್ಯೂಬ್ ತೆರೆಯುವ ಕೊಂಡಿ ಏನನ್ನೂ ಸ್ಥಾಪಿಸಲು ಕೇಳುವುದಿಲ್ಲ. ಕೇಳಿತೆಂದರೆ ಅದು ಆಟವಲ್ಲ.

ಗಾಳದ ಹುಳದ ಮಾತಿಗೆ ಮತ್ತೆ ಬಂದರೆ, ಒಂದೊಂದು ಊರಿಗೂ ಅದರದೇ ಆದ ನೇಗಿಲು ಇರುತ್ತದೆ. ಸಕಲೇಶಪುರ, ಆಲೂರು ಕಡೆಯ ಊರುಗಳಿಗೆ ಅದು ಆನೆ. ಯಾವ ತೋಟದಲ್ಲಿ ಹಿಂಡು ಬೀಡುಬಿಟ್ಟಿದೆ, ಯಾವ ರಸ್ತೆ ದಾಟುತ್ತಿದೆ ಎಂಬ ಸುದ್ದಿ ಈ ಭಾಗದಲ್ಲಿ ಎಸ್‌ಎಂಎಸ್ಸು, ವಾಟ್ಸಾಪ್‌ಗಳಲ್ಲೇ ಓಡಾಡುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಹೆಂಗಸರು, ಶಾಲೆಗೆ ಹೊರಡುವ ಮಕ್ಕಳು ಅದನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. 'ತೋಟದ ಹತ್ತಿರ ಒಂಟಿ ಸಲಗ, ವಿಡಿಯೊ ನೋಡಿ' ಎಂದು ಬರೆದು ಹಾಡು ಹಾಕಿದವನಿಗೆ ಮೊದಲ ದಿನ ಬೈಗುಳ ಸಿಕ್ಕೀತು. ಎರಡನೆಯ ದಿನ ನಿಜವಾದ ವಿಡಿಯೊವನ್ನೂ ಯಾರೂ ಒತ್ತದೆ ಹೋದರೆ ಅದರ ಬೆಲೆ ಏನೆಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮಕ್ಕಳಿಗೆ 'ರಿಸಲ್ಟ್ ಲಿಂಕ್' ಎಂದು ಹಾಡು ಕಳಿಸುವುದೂ ಅದೇ ಜಾತಿಗೆ ಸೇರಿದ್ದು. ಹಾಡು ಒಂದೇ, ಮೂರೂವರೆ ನಿಮಿಷವೂ ಒಂದೇ. ಒತ್ತುವ ಬೆರಳು ನಡುಗುತ್ತಿದ್ದರೆ ನಗು ಹುಟ್ಟುವುದಿಲ್ಲ.

ಹಾಗಾದರೆ ಕನ್ನಡದ್ದೇ ಒಂದು ಹಾಡನ್ನು ಈ ಕೆಲಸಕ್ಕೆ ಹಚ್ಚಬಹುದೇ? ಒಂದು ಹರಟೆಗೆ ಒಳ್ಳೆಯ ಪ್ರಶ್ನೆ. ಆಸ್ಟ್ಲಿಯ ಹಾಡಿನ ಓರಗೆಯದು ಎಂದರೆ 1981ರ 'ಗೀತಾ' ಚಿತ್ರದ 'ಸಂತೋಷಕ್ಕೆ'. ಶಂಕರ್‌ನಾಗ್ ಕುಣಿತ, ಇಳಯರಾಜ ಸಂಗೀತ, ಎಸ್‌ಪಿಬಿ ದನಿ. ಎರಡು ಸೆಕೆಂಡಿನ ವಾದ್ಯ ಕೇಳಿದರೆ ಸಾಕು, ಬಸ್ಸಿನಲ್ಲಿ ಇರುವವರಿಗೆಲ್ಲ ಗೊತ್ತಾಗುತ್ತದೆ. ಗುರುತಿನ ಪರೀಕ್ಷೆಯಲ್ಲಿ ಪಾಸು. ಆದರೆ ಈ ಹಾಡಿಗೆ ಕನ್ನಡಿಗರು ಬೇಸ್ತು ಬೀಳುವುದಿಲ್ಲ, ಕೂತು ಪೂರ್ತಿ ಕೇಳುತ್ತಾರೆ. ಆಣೆಕಟ್ಟೆ ನೋಡಲು ಹೋಗಿ ಮಾವನ ಮನೆ ತಲುಪಿದಂತೆ, ಊಟವೂ ಆಗಿಹೋಗುತ್ತದೆ. ಚೇಷ್ಟೆಗೆ ಬೇಕಾದದ್ದು ಎಲ್ಲರಿಗೂ ಗೊತ್ತಿರುವ, ಯಾರೂ ಹುಡುಕಿಕೊಂಡು ಹೋಗದ, ಯಾರೂ ದ್ವೇಷಿಸದ ಹಾಡು. ಕೋಟು ಸ್ವಲ್ಪ ದೊಡ್ಡದಾಗಿರಬೇಕು, ಕುಣಿತ ಸ್ವಲ್ಪ ಪೆಡಸಾಗಿರಬೇಕು, ಹಾಡುವವರ ಮುಖದಲ್ಲಿ ಮಾತ್ರ ತುಂಬು ಪ್ರಾಮಾಣಿಕತೆ ಇರಬೇಕು. ಅಂಥದ್ದನ್ನು ಹುಡುಕುವುದು ಅಷ್ಟು ಸುಲಭವಲ್ಲ. ಇಂಗ್ಲಿಷ್ ಬಲ್ಲ ಹುಡುಗರು ಆಸ್ಟ್ಲಿಯನ್ನೇ ಕಡ ತಂದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಜಗಲಿಯ ಯಜಮಾನರ ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ಅಂದು ರಾತ್ರಿ ಮಗಳು ಫೋನಿನಲ್ಲಿ ಆಟ ಏನೆಂದು ಬಿಡಿಸಿ ಹೇಳುತ್ತಾಳೆ. ಅವರು 'ಓಹೋ, ಹಿಂಗೋ' ಎನ್ನುತ್ತಾರೆ, ನಗುವುದಿಲ್ಲ. ವಾರ ಕಳೆದು ಮೊಮ್ಮಗ ಇನ್ನೊಂದು ಕೊಂಡಿ ಹಾಕುತ್ತಾನೆ. ಈ ಸಲ ಅವರು ಬೆರಳನ್ನು ಅದರ ಮೇಲೆ ಒತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಕೊನೆಯ ಮೂರು ಅಕ್ಷರ ಓದುತ್ತಾರೆ. ಯಾರಿಗೂ ಏನೂ ಹೇಳದೆ ಅದನ್ನೇ ಆಲೂರಿನ ಭಾವಮೈದುನನಿಗೆ ದಾಟಿಸಿ, ಮೇಲೊಂದು ಸಾಲು ಬರೆಯುತ್ತಾರೆ: 'ನಿನ್ನ ಮದುವೆ ಊಟದ ವಿಡಿಯೊ, ನೀನು ಎಷ್ಟು ಹೋಳಿಗೆ ತಿಂದೆ ಅಂತ ಎಣಿಸು.' ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾ ಕೂರುತ್ತಾರೆ. ಹೆಗಲು ಆಗಲೇ ಕುಲುಕತೊಡಗಿರುತ್ತದೆ.